ಸಹಿಯ ಸುತ್ತ ಕಾಣುವ ಚೌಕ: ಕಾಗದದ ಸಹಿಯನ್ನು ಪಿಡಿಎಫ್ ಮೇಲೆ ಕೂರಿಸುವಾಗಿನ ದೋಷ ನಿವಾರಣೆ

ಬಿಳಿ ಕಾಗದದ ಮೇಲೆ ಪೆನ್ನಿನಿಂದ ಸಹಿ ಮಾಡಿ, ಮೊಬೈಲಿನಲ್ಲಿ ಫೋಟೊ ತೆಗೆದು, ಹಿನ್ನೆಲೆ ತೆಗೆಸಿ, ಪಿಡಿಎಫ್ ಪತ್ರದ ಮೇಲೆ ಇಟ್ಟವರು ಹೇಳುವ ದೂರು ಹೆಚ್ಚಿನ ಸಲ ಒಂದೇ: ಸಹಿಯ ಸುತ್ತ ಒಂದು ಚೌಕ ಕಾಣುತ್ತದೆ. ಆ ಚೌಕ ಕೆಳಗಿನ ಚುಕ್ಕೆಗೆರೆಯನ್ನು ನುಂಗುತ್ತದೆ, ಪಕ್ಕದ ಮೊಹರನ್ನು ಅರ್ಧ ಮುಚ್ಚುತ್ತದೆ, ನೋಡಿದ ಕೂಡಲೇ ಅಂಟಿಸಿದ್ದು ಎಂದು ಗೊತ್ತಾಗುತ್ತದೆ. ದೂರು ಒಂದೇ ಆದರೂ ಕಾರಣ ಒಂದಲ್ಲ. ಅದಕ್ಕೇ ಸಿಕ್ಕ ಸಿಕ್ಕ ತಂತ್ರಾಂಶದಲ್ಲಿ ಹಿನ್ನೆಲೆಯನ್ನು ಮತ್ತೆ ಮತ್ತೆ ಅಳಿಸುವ ಮೊದಲು ಚೌಕದ ಬಣ್ಣವನ್ನು ನೋಡಬೇಕು.

ಚೌಕ ಅಚ್ಚ ಬಿಳಿಯಾಗಿದ್ದರೆ ಆ ಕಡತದಲ್ಲಿ ಪಾರದರ್ಶಕತೆ ಎಂಬುದು ಈಗ ಇಲ್ಲವೇ ಇಲ್ಲ. ಕಪ್ಪಾಗಿದ್ದರೆ ಪಾರದರ್ಶಕತೆ ಇತ್ತು, ದಾರಿಯಲ್ಲಿ ಯಾವುದೋ ತಂತ್ರಾಂಶ ಅದನ್ನು ಬಿಸಾಡಿದೆ. ತಿಳಿಬೂದು ಬಣ್ಣದ್ದಾಗಿದ್ದು, ಒಂದು ಮೂಲೆಯಲ್ಲಿ ಗಾಢ, ಇನ್ನೊಂದು ಮೂಲೆಯಲ್ಲಿ ಮಂಕಾಗಿದ್ದರೆ ಪಾರದರ್ಶಕತೆ ಇದೆ, ಆದರೆ ಕಾಗದ ಪೂರ್ತಿ ಹೋಗಿಲ್ಲ. ಚೌಕವೇ ಇಲ್ಲ, ಅಕ್ಷರಗಳ ಅಂಚಿಗೆ ಮಾತ್ರ ಬಿಳಿ ಜರಿ ಹತ್ತಿದ ಹಾಗೆ ಕಾಣುತ್ತದೆ ಎಂದರೆ ಹಿನ್ನೆಲೆ ತೆಗೆದ ವಿಧಾನವೇ ತಪ್ಪು. ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ.

ಮೊದಲ ಪರೀಕ್ಷೆ ಬಣ್ಣದ ಮೇಲೆ

ಬಿಳಿ ಪರದೆಯ ಮೇಲೆ ಸಹಿಯನ್ನು ನೋಡಿ ಸರಿಯಿದೆ ಎಂದು ತೀರ್ಮಾನಿಸುವುದೇ ಹೆಚ್ಚಿನ ಗೊಂದಲಕ್ಕೆ ಮೂಲ. ಬಿಳಿಯ ಮೇಲೆ ಬಿಳಿ ಕಾಣುವುದಿಲ್ಲ. ಲಿಬ್ರೆಆಫೀಸ್ ಆಗಲಿ ವರ್ಡ್ ಆಗಲಿ ತೆರೆದು, ಒಂದು ದೊಡ್ಡ ಆಯತ ಎಳೆದು, ಅದಕ್ಕೆ ಗಾಢ ಹಳದಿ ತುಂಬಿ, ಅದರ ಮೇಲೆ ಸಹಿಯ ಚಿತ್ರವನ್ನು ಇಡಿ. ಹಳದಿಯ ಮೇಲೆ ಶಾಯಿ ಮಾತ್ರ ಉಳಿದರೆ ಚಿತ್ರ ಸರಿಯಿದೆ, ದೋಷವಿರುವುದು ಪಿಡಿಎಫ್ ಹಂತದಲ್ಲಿ. ಹಳದಿಯ ಮೇಲೆಯೂ ಚೌಕ ಕಂಡರೆ ಪಿಡಿಎಫ್ ಅನ್ನು ಮುಟ್ಟಲೇಬೇಡಿ, ಚಿತ್ರವನ್ನು ಸರಿಪಡಿಸಿ. ಈ ಒಂದು ಪರೀಕ್ಷೆ ಕೆಲಸವನ್ನು ಎರಡು ಭಾಗ ಮಾಡಿಕೊಡುತ್ತದೆ. ಇದನ್ನು ಬಿಟ್ಟು ಮುಂದೆ ಹೋಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬಿಳಿ ಚೌಕ ಮತ್ತು ಕಪ್ಪು ಚೌಕ

ಬಿಳಿ ಚೌಕಕ್ಕೆ ಮುಖ್ಯ ಕಾರಣ ಜೆಪೆಗ್. ಆ ಮಾದರಿಯ ಕಡತದಲ್ಲಿ ಚಿತ್ರದ ಪ್ರತಿ ಚುಕ್ಕೆಗೂ, ಅಂದರೆ ಪಿಕ್ಸೆಲ್‌ಗೂ, ಬಣ್ಣವಿರುತ್ತದೆಯೇ ಹೊರತು "ಇಲ್ಲಿ ಏನೂ ಇಲ್ಲ" ಎಂದು ಬರೆದಿಡುವ ಜಾಗವಿಲ್ಲ. ಪಿಎನ್‌ಜಿಯಲ್ಲಿ ಆ ಜಾಗವಿದೆ. ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಜೊತೆಗೆ ಆಲ್ಫಾ ಎಂಬ ನಾಲ್ಕನೆಯ ಬೆಲೆ ಇರುತ್ತದೆ. 0 ಎಂದರೆ ಪೂರ್ತಿ ಪಾರದರ್ಶಕ, 255 ಎಂದರೆ ಪೂರ್ತಿ ಗಟ್ಟಿ. ಕಡತದ ಹೆಸರಿನ ಕೊನೆಯ .jpg ಅನ್ನು .png ಎಂದು ತಿದ್ದಿದರೆ ಆಲ್ಫಾ ಹುಟ್ಟುವುದಿಲ್ಲ. ಲಿನಕ್ಸ್ ಅಥವಾ ಮ್ಯಾಕ್ ಇರುವವರು ಟರ್ಮಿನಲ್‌ನಲ್ಲಿ ಹೀಗೆ ಕೇಳಬಹುದು:

```
file sahi.png
```

ಉತ್ತರದಲ್ಲಿ `PNG image data` ಮತ್ತು `RGBA` ಎರಡೂ ಇದ್ದರೆ ಸರಿ. `JPEG image data` ಎಂದು ಬಂದರೆ ಹೆಸರು ಮಾತ್ರ ಬದಲಾಗಿದೆ. `RGB` ಎಂದಷ್ಟೇ ಇದ್ದರೆ ಪಿಎನ್‌ಜಿ ಹೌದು, ಆಲ್ಫಾ ಇಲ್ಲ.

ಸರಿಯಾಗಿ ಮಾಡಿದ ಪಿಎನ್‌ಜಿ ಕೂಡ ದಾರಿಯಲ್ಲಿ ಜೆಪೆಗ್ ಆಗಿಬಿಡುತ್ತದೆ. ನಮ್ಮಲ್ಲಿ ಇದು ಹೆಚ್ಚಾಗಿ ನಡೆಯುವುದು ವಾಟ್ಸ್ಆ್ಯಪ್‌ನಲ್ಲಿ. ಚಿತ್ರವನ್ನು ಫೋಟೊ ಎಂದು ಕಳಿಸಿದರೆ ಅದು ಕುಗ್ಗಿ ಜೆಪೆಗ್ ಆಗಿ ಆ ಕಡೆ ತಲುಪುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ. ಕೆಲವು ಮೊಬೈಲ್ ಗ್ಯಾಲರಿಗಳಲ್ಲಿ ಕ್ರಾಪ್ ಮಾಡಿ ಉಳಿಸಿದಾಗಲೂ, ಪರದೆಯ ಸ್ಕ್ರೀನ್‌ಶಾಟ್ ತೆಗೆದಾಗಲೂ ಹೀಗೆಯೇ ಪಾರದರ್ಶಕತೆ ಹೋಗುತ್ತದೆ. ಸ್ಕ್ರೀನ್‌ಶಾಟ್‌ನಲ್ಲಿ ಇನ್ನೊಂದು ಪೇಚು ಇದೆ. ಪಾರದರ್ಶಕ ಜಾಗವನ್ನು ತೋರಿಸಲು ತಂತ್ರಾಂಶಗಳು ಬೂದು-ಬಿಳಿ ಚೌಕುಳಿ ಹಾಸನ್ನು ಕೆಳಗೆ ಹರಡುತ್ತವೆ. ಸ್ಕ್ರೀನ್‌ಶಾಟ್‌ನಲ್ಲಿ ಆ ಚೌಕುಳಿಗಳೂ ಚಿತ್ರದ ಭಾಗವೇ ಆಗುತ್ತವೆ. ಪಿಡಿಎಫ್‌ನಲ್ಲಿ ಸಹಿಯ ಹಿಂದೆ ಚೌಕುಳಿ ಕಂಡರೆ ಕಾರಣ ಹುಡುಕುವ ಅಗತ್ಯವೇ ಇಲ್ಲ, ಮೂಲ ಪಿಎನ್‌ಜಿಯನ್ನು ತರಿಸಿಕೊಳ್ಳಿ.

ಕಪ್ಪು ಚೌಕವನ್ನು ಕಂಡು ಜನ ಹೆಚ್ಚು ಗಾಬರಿಯಾಗುತ್ತಾರೆ, ಆದರೆ ಅದು ಒಳ್ಳೆಯ ಸೂಚನೆ. ಪೂರ್ತಿ ಪಾರದರ್ಶಕ ಚುಕ್ಕೆಗೂ ಕಡತದೊಳಗೆ ಒಂದು ಬಣ್ಣ ಬರೆದಿರುತ್ತದೆ, ಸಾಮಾನ್ಯವಾಗಿ 0,0,0, ಅಂದರೆ ಕಪ್ಪು. ಆಲ್ಫಾ ಇರುವತನಕ ಅದು ಕಾಣುವುದಿಲ್ಲ. ಆಲ್ಫಾವನ್ನು ಓದದ ತಂತ್ರಾಂಶ ಅದನ್ನು ಕಿತ್ತೊಗೆದ ಕೂಡಲೇ ಕೆಳಗಿನ ಕಪ್ಪು ಹೊರಬೀಳುತ್ತದೆ. ಅಂದರೆ ನಿಮ್ಮ ಮೂಲ ಚಿತ್ರ ಚೆನ್ನಾಗಿದೆ. ಚಿತ್ರವನ್ನು ಪಿಡಿಎಫ್‌ಗೆ ಸೇರಿಸಿದ ತಂತ್ರಾಂಶವನ್ನು ಬದಲಿಸಿದರೆ ಸಾಕು.

ತಿಳಿಬೂದು ಚೌಕ: ಒಂದು ರಶೀದಿಯ ಉದಾಹರಣೆ

ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿಗಳು ನಿರ್ವಹಣಾ ಶುಲ್ಕದ ರಶೀದಿಗಳನ್ನು ಪಿಡಿಎಫ್‌ನಲ್ಲಿ ಕಳಿಸುತ್ತಾರೆ. ಸಹಿಗೆಂದು ಕೆಳಗೆ ಬಲಗಡೆ ಚುಕ್ಕೆಗೆರೆ ಇದೆ, ಪಕ್ಕದಲ್ಲಿ ಸಂಘದ ಮೊಹರಿನ ಚಿತ್ರ. ಅವರ ಮಾತು ಇಷ್ಟೇ: "ಮೊಬೈಲ್‌ನಲ್ಲಿ ಚೆನ್ನಾಗೇ ಕಾಣ್ಸುತ್ತೆ ಸಾರ್, ಪ್ರಿಂಟ್ ತೆಗೆದ್ರೆ ಮಾತ್ರ ಸಹಿ ಹಿಂದೆ ಧೂಳು ಕೂತಂಗೆ ಬರ್ತದೆ."

ಆ ಧೂಳು ಎಲ್ಲಿಂದ ಬಂತು ಎಂದು ತಿಳಿಯಲು ಮೂಲ ಫೋಟೊವನ್ನು ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ತೆರೆದು, ಬಣ್ಣ ಹೆಕ್ಕುವ ಉಪಕರಣದಿಂದ ಅಲ್ಲಲ್ಲಿ ಒತ್ತಿ ಬೆಲೆ ನೋಡಬೇಕು; ಇಲ್ಲಿ 0 ಎಂದರೆ ಅಚ್ಚ ಕಪ್ಪು, 255 ಎಂದರೆ ಅಚ್ಚ ಬಿಳಿ. ಟ್ಯೂಬ್‌ಲೈಟ್ ಕೆಳಗೆ ತೆಗೆದ ಫೋಟೊ ಅದು. ಮೊಬೈಲ್ ಹಿಡಿದ ಕೈಯ ನೆರಳು ಬಲಗಡೆ ಬಿದ್ದಿತ್ತು. ಎಡಗಡೆಯ ಕಾಗದದ ಹೊಳಪು 255ಕ್ಕೆ ಸುಮಾರು 214, ಬಲಗಡೆಯ ಕಾಗದ 158. ಎಡಗಡೆಯ ದಪ್ಪ ಶಾಯಿ 70. ಆದರೆ ಸಹಿಯ ಮೊದಲ ಅಕ್ಷರದ ಮೇಲೆ ಬೀಸಿ ಎಳೆದ ತೆಳು ಗೆರೆ 150. ಬಿಳಿ ಎಂದು ಕಣ್ಣಿಗೆ ಕಂಡ ಕಾಗದದ ನೆರಳಿನ ಭಾಗಕ್ಕೂ ಶಾಯಿಯ ತೆಳು ಗೆರೆಗೂ ನಡುವೆ ಇದ್ದದ್ದು 8ರ ಅಂತರ ಮಾತ್ರ.

ಹಿನ್ನೆಲೆ ತೆಗೆಯುವ ಸುಲಭ ಉಪಾಯಗಳೆಲ್ಲ ಒಂದೇ ಗಡಿರೇಖೆಯ ಮೇಲೆ ನಿಂತಿವೆ: ಇಷ್ಟಕ್ಕಿಂತ ಬೆಳ್ಳಗಿದ್ದರೆ ಅಳಿಸು, ಕಪ್ಪಗಿದ್ದರೆ ಉಳಿಸು. ಈ ಫೋಟೊಗೆ ಗಡಿಯನ್ನು 180ರಲ್ಲಿ ಇಟ್ಟರೆ ನೆರಳಿನ ಕಾಗದವೆಲ್ಲ ಉಳಿಯುತ್ತದೆ. 140ಕ್ಕೆ ಇಳಿಸಿದರೆ ತೆಳು ಗೆರೆ ಹಾರಿಹೋಗಿ ಸಹಿ ತುಂಡಾಗುತ್ತದೆ. ಕಾಗದದ ನಾರಿನಿಂದಲೂ ಕ್ಯಾಮೆರಾದಿಂದಲೂ ಬೆಲೆಗಳು ಹತ್ತರಷ್ಟು ಏರುಪೇರಾಗುವುದರಿಂದ ನಡುವಿನ 8ರಲ್ಲಿ ಗಡಿ ಎಳೆಯಲು ಸಾಧ್ಯವಿಲ್ಲ. ಕಾರ್ಯದರ್ಶಿಗಳು ಬಳಸಿದ ಆ್ಯಪ್ ನಡುದಾರಿ ಹಿಡಿದು, ನೆರಳನ್ನು ಶೇಕಡಾ ನಾಲ್ಕೈದರಷ್ಟು ಗಟ್ಟಿಯಾಗಿ ಉಳಿಸಿತ್ತು. ಪರದೆಯಲ್ಲಿ ಅಷ್ಟು ತೆಳು ಬೂದು ಕಣ್ಣಿಗೆ ಬೀಳುವುದಿಲ್ಲ. ಲೇಸರ್ ಪ್ರಿಂಟರ್‌ಗೆ ಬೂದು ಶಾಯಿ ಎಂಬುದಿಲ್ಲ. ಅದು ತೆಳು ಬೂದನ್ನು ಬಿಡಿಬಿಡಿ ಕಪ್ಪು ಚುಕ್ಕೆಗಳಾಗಿ ಹಾಕುತ್ತದೆ. ಅದೇ ಅವರಿಗೆ ಧೂಳಾಗಿ ಕಂಡದ್ದು.

ಇಲ್ಲಿ ಬೇಕಾದದ್ದು ಇನ್ನೂ ಚುರುಕಾದ ಗಡಿಯಲ್ಲ, ನೆರಳನ್ನು ಮೊದಲು ತೆಗೆಯುವುದು. ಅದಕ್ಕೆ ದಾರಿ ಭಾಗಾಕಾರ. ಪ್ರತಿ ಚುಕ್ಕೆಯ ಬೆಲೆಯನ್ನು ಅದರ ಸುತ್ತಮುತ್ತಲಿನ ಕಾಗದದ ಬೆಲೆಯಿಂದ ಭಾಗಿಸಿದರೆ ಎಡಗಡೆಯ ಕಾಗದ 214/214, ಬಲಗಡೆಯದು 158/158; ಎರಡೂ 1, ಅಂದರೆ ಅಚ್ಚ ಬಿಳಿ. ಎಡಗಡೆಯ ತೆಳು ಗೆರೆ 150/214, 255ರ ಅಳತೆಯಲ್ಲಿ ಸುಮಾರು 179. ದಪ್ಪ ಶಾಯಿ ಎಡದಲ್ಲಿ 70/214, ನೆರಳಿನಲ್ಲಿ 52/158. ಎರಡೂ ಸುಮಾರು 84. ಮೊದಲು 8 ಇದ್ದ ಅಂತರ ಈಗ 76 ಆಯಿತು. ಶಾಯಿ ಎಲ್ಲೇ ಇರಲಿ ಒಂದೇ ಬೆಲೆಗೆ ಬಂದು ನಿಂತಿತು.

ಸುತ್ತಲಿನ ಕಾಗದದ ಬೆಲೆ ಸಿಗುವುದು ಅದೇ ಫೋಟೊವನ್ನು ಚೆನ್ನಾಗಿ ಮಸುಕು ಮಾಡಿದಾಗ. ಗೆರೆಗಳು ಕರಗಿಹೋಗುವಷ್ಟು ಮಸುಕು ಮಾಡಿದರೆ ಉಳಿಯುವುದು ಬೆಳಕು-ನೆರಳಿನ ನಕ್ಷೆ ಮಾತ್ರ. ಗಿಂಪ್‌ನಲ್ಲಿ ಹೀಗೆ ಮಾಡಿ. ಫೋಟೊವನ್ನು ಸಹಿಯ ಸುತ್ತ ಒಂದಿಷ್ಟು ಬಿಳಿ ಜಾಗ ಬಿಟ್ಟು ಕ್ರಾಪ್ ಮಾಡಿ. `Layer > Duplicate Layer` ಒತ್ತಿ ಪದರದ ನಕಲು ಮಾಡಿ. ಮೇಲಿನ ಪದರವನ್ನು ಆಯ್ದು `Filters > Blur > Gaussian Blur` ತೆರೆದು, ಅಳತೆಯನ್ನು 100ರ ಆಸುಪಾಸಿಗೆ ಇಡಿ. ಬಳಿಕ ಪದರಗಳ ಪಟ್ಟಿಯಲ್ಲಿ `Mode` ಎಂದಿರುವಲ್ಲಿ `Divide` ಆರಿಸಿ, ಮೇಲಿನ ಪದರವನ್ನು ಕೆಳಗಿನದರ ಜೊತೆ `Merge Down` ಮಾಡಿ. ನೆರಳು ಮಾಯವಾಗಿರುತ್ತದೆ. ಟ್ಯೂಬ್‌ಲೈಟ್ ಅಥವಾ ಬಲ್ಬಿನ ಬೆಳಕಿನಿಂದ ಕಾಗದಕ್ಕೆ ಬಂದ ಹಳದಿ ಛಾಯೆಯೂ ಇದರ ಜೊತೆಗೇ ಹೋಗುತ್ತದೆ, ಏಕೆಂದರೆ ಭಾಗಾಕಾರ ಮೂರೂ ಬಣ್ಣಗಳಲ್ಲಿ ಬೇರೆ ಬೇರೆಯಾಗಿ ನಡೆಯುತ್ತದೆ.

ಮಸುಕಿನ ಅಳತೆ ಮುಖ್ಯ. ಸಾಮಾನ್ಯ ಮೊಬೈಲ್ ಫೋಟೊ 4000 ಚುಕ್ಕೆ ಅಗಲ ಇದ್ದು, ಅದರಲ್ಲಿ 10 ಸೆಂಟಿಮೀಟರ್ ಅಗಲದ ಕಾಗದ ಹಿಡಿದಿದ್ದರೆ ಮಿಲಿಮೀಟರಿಗೆ 40 ಚುಕ್ಕೆ; ಅರ್ಧ ಮಿಲಿಮೀಟರಿನ ಪೆನ್ನಿನ ಗೆರೆ 20 ಚುಕ್ಕೆ ದಪ್ಪ. ಮಸುಕಿನ ಅಳತೆ ಗೆರೆಯ ದಪ್ಪದ ನಾಲ್ಕೈದು ಪಟ್ಟಾದರೂ ಇರಬೇಕು. ಕಡಿಮೆ ಇಟ್ಟರೆ ಶಾಯಿಯೂ ನೆರಳಿನ ಲೆಕ್ಕಕ್ಕೆ ಸೇರಿ, ಗೆರೆಯ ಅಂಚು ಮಾತ್ರ ಉಳಿದು ನಡುಭಾಗ ಬಿಳಿಚಿಕೊಳ್ಳುತ್ತದೆ. ಸಹಿ ಹೀಗೆ ಟೊಳ್ಳಾಗಿ ಕಂಡರೆ ಬೇರೇನನ್ನೂ ಬದಲಿಸಬೇಡಿ, ಮಸುಕನ್ನು ಹೆಚ್ಚಿಸಿ.

ಇನ್ನು ಉಳಿದ ಕಾಗದದ ನಾರನ್ನು `Colors > Levels` ತೆಗೆಯುತ್ತದೆ. ಅಲ್ಲಿ ಕಾಣುವ ನಕ್ಷೆಯ ಬಲತುದಿಯಲ್ಲಿ ಒಂದು ಎತ್ತರದ ಗುಡ್ಡ ಇರುತ್ತದೆ, ಅದು ಕಾಗದ. ಬಿಳಿ ಗುಂಡಿಯನ್ನು ಆ ಗುಡ್ಡದ ಎಡಬುಡಕ್ಕೆ, 235ರ ಸುತ್ತಮುತ್ತ ಎಳೆಯಿರಿ. ಕಪ್ಪು ಗುಂಡಿಯನ್ನು 90ರ ಹತ್ತಿರಕ್ಕೆ ತನ್ನಿ. ತೆಳು ಗೆರೆಗಳು ಇನ್ನೂ ಬಿಳಿಚಿದಂತಿದ್ದರೆ ನಡುವಿನ ಗುಂಡಿಯನ್ನು ಬಲಕ್ಕೆ ಸರಿಸಿ. ಬಿಳಿ ಗುಂಡಿಯನ್ನು ಮಾತ್ರ ಹಿಂದಕ್ಕೆ ಬಿಡಬೇಡಿ, ಬಿಟ್ಟರೆ ಧೂಳು ವಾಪಸು ಬರುತ್ತದೆ.

ಅಂಚಿನ ಬಿಳಿ ಜರಿ

ಕಾಗದ ಅಚ್ಚ ಬಿಳಿಯಾದ ಮೇಲೆ ಅದನ್ನು ಮಾಂತ್ರಿಕ ದಂಡದಂಥ ಆಯ್ಕೆ ಉಪಕರಣದಿಂದ ಆಯ್ದು ಅಳಿಸುವವರೇ ಹೆಚ್ಚು. ಜರಿ ಹುಟ್ಟುವುದು ಅಲ್ಲೇ. ಫೋಟೊದಲ್ಲಿ ಶಾಯಿಯ ಅಂಚು ಕತ್ತರಿಸಿದಂತೆ ಇರುವುದಿಲ್ಲ. ನೀಲಿಯಿಂದ ಬಿಳಿಗೆ ನಾಲ್ಕಾರು ಚುಕ್ಕೆಗಳ ಇಳಿಜಾರು ಇರುತ್ತದೆ. ಆ ಚುಕ್ಕೆಗಳು ಅರ್ಧ ಶಾಯಿ, ಅರ್ಧ ಕಾಗದ. ಅಳಿಸುವ ಉಪಕರಣ ಅವುಗಳನ್ನು ಒಂದೋ ಪೂರ್ತಿ ಉಳಿಸುತ್ತದೆ, ಆಗ ಜರಿ. ಇಲ್ಲವೇ ಪೂರ್ತಿ ತೆಗೆಯುತ್ತದೆ, ಆಗ ಗೆರೆ ಮೆಟ್ಟಿಲು ಮೆಟ್ಟಿಲಾಗುತ್ತದೆ.

`Colors > Color to Alpha` ಬೇರೆ ಥರ ಕೆಲಸ ಮಾಡುತ್ತದೆ. ಬಣ್ಣವಾಗಿ ಬಿಳಿಯನ್ನು ಕೊಟ್ಟರೆ, ಪ್ರತಿ ಚುಕ್ಕೆಯಲ್ಲಿ ಎಷ್ಟು ಬಿಳಿ ಬೆರೆತಿದೆಯೋ ಅಷ್ಟನ್ನು ಹೊರತೆಗೆದು ಅದನ್ನು ಪಾರದರ್ಶಕತೆಯಾಗಿ ಬರೆಯುತ್ತದೆ. ಅರ್ಧ ಶಾಯಿಯ ಚುಕ್ಕೆ ಅರ್ಧ ಗಟ್ಟಿಯಾದ ಶಾಯಿಯಾಗುತ್ತದೆ. ಹಳದಿಯ ಮೇಲಿಟ್ಟರೂ ಹಸಿರು ಮೊಹರಿನ ಮೇಲಿಟ್ಟರೂ ಅಂಚು ಅದರೊಳಗೆ ಬೆರೆಯುತ್ತದೆ. ಹಿನ್ನೆಲೆಯನ್ನು ಕತ್ತರಿಸುವುದಕ್ಕಿಂತ ಕಪ್ಪಿನ ಪ್ರಮಾಣವನ್ನೇ ಗಟ್ಟಿತನವಾಗಿ ಪರಿವರ್ತಿಸುವುದು ಎಷ್ಟೋ ಮೇಲು.

ಇದರ ಒಂದು ಅಡ್ಡಪರಿಣಾಮ ನೀಲಿ ಶಾಯಿಯಲ್ಲಿ ಕಾಣುತ್ತದೆ. ನೀಲಿಯಲ್ಲೂ ಸ್ವಲ್ಪ ಬಿಳಿ ಇದೆ ಎಂದು ಲೆಕ್ಕ ಹಾಕಿ, ಗೆರೆಯ ನಡುಭಾಗವನ್ನೂ ಅದು ಮುಕ್ಕಾಲು ಪಾಲು ಮಾತ್ರ ಗಟ್ಟಿ ಇಡಬಹುದು. ಬಿಳಿ ಹಾಳೆಯ ಮೇಲೆ ವ್ಯತ್ಯಾಸ ತಿಳಿಯದು. ಚುಕ್ಕೆಗೆರೆಯ ಮೇಲೆ ಬಂದಾಗ ಚುಕ್ಕೆಗಳು ಶಾಯಿಯ ಒಳಗಿನಿಂದ ಇಣುಕುತ್ತವೆ. ಪದರವನ್ನು ನಕಲು ಮಾಡಿ, ಎರಡನ್ನೂ ಒಂದರ ಮೇಲೊಂದು ಇಟ್ಟು ಬೆಸೆದರೆ ಸರಿಹೋಗುತ್ತದೆ: 75 ಪಾಲು ಗಟ್ಟಿ ಇದ್ದದ್ದು 94ರ ಹತ್ತಿರಕ್ಕೆ ಏರುತ್ತದೆ, ಪೂರ್ತಿ ಖಾಲಿ ಇದ್ದ ಜಾಗ ಖಾಲಿಯಾಗಿಯೇ ಉಳಿಯುತ್ತದೆ.

ಮುಗಿದ ಮೇಲೆ `File > Export As` ಮೂಲಕ .png ಆಗಿ ಹೊರತೆಗೆಯಿರಿ. `Save` ಒತ್ತಿದರೆ ಗಿಂಪ್‌ನ ಸ್ವಂತ ಮಾದರಿಯಲ್ಲಿ ಉಳಿಯುತ್ತದೆ, ಅದನ್ನು ಬೇರೆ ತಂತ್ರಾಂಶಗಳು ಸಾಮಾನ್ಯವಾಗಿ ತೆರೆಯುವುದಿಲ್ಲ. ಹೊರತೆಗೆಯುವ ಮುನ್ನ ಅಗಲವನ್ನು 1200 ಚುಕ್ಕೆಗೆ ಇಳಿಸಿ. ಕಾಗದದ ಮೇಲೆ ಸಹಿ 5 ಸೆಂಟಿಮೀಟರ್ ಇರುತ್ತದೆ ಎಂದುಕೊಂಡರೆ 1200 ಚುಕ್ಕೆ ಎಂದರೆ ಇಂಚಿಗೆ ಸುಮಾರು 600. ಯಾವ ಕಚೇರಿಯ ಪ್ರಿಂಟರಿಗೂ ಇದು ಸಾಕು. 4000 ಚುಕ್ಕೆಯ ಚಿತ್ರವನ್ನು ಹಾಗೇ ಹಾಕಿದರೆ ಪಿಡಿಎಫ್ ಸುಮ್ಮನೆ ಉಬ್ಬುತ್ತದೆ.

ಹಲವರ ಸಹಿಗಳನ್ನು ಒಂದೇ ಸಲ ಮಾಡಬೇಕಾದವರಿಗೆ ಆಜ್ಞೆಗಳಿಂದ ಚಿತ್ರ ತಿದ್ದುವ ಇಮೇಜ್‌ಮ್ಯಾಜಿಕ್ ತಂತ್ರಾಂಶ ಅನುಕೂಲ. ಇದೇ ಕ್ರಮವನ್ನು ಎರಡು ಆಜ್ಞೆಗಳಲ್ಲಿ ಹೇಳಬಹುದು:

```
magick sahi.jpg -auto-orient -colorspace Gray \( +clone -blur 0x100 \) -compose Divide_Src -composite -level 35%,92% -negate mask.png
magick mask.png -colorspace sRGB -background "#14286e" -alpha shape -trim +repage -resize 1200x sahi.png
```

ಮೊದಲನೆಯದು ನೆರಳು ತೆಗೆದು, ಶಾಯಿ ಬಿಳಿಯಾಗಿ ಕಾಗದ ಕಪ್ಪಾಗಿ ಇರುವ ಮುಸುಕನ್ನು ತಯಾರಿಸುತ್ತದೆ. ಎರಡನೆಯದು ಆ ಮುಸುಕನ್ನೇ ಆಲ್ಫಾ ಮಾಡಿ, ಒಳಗೆ ಒಂದೇ ಗಾಢ ನೀಲಿಯನ್ನು ತುಂಬುತ್ತದೆ. ವಿಂಡೋಸ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಆವರಣಗಳ ಮುಂದಿನ ಓರೆಗೆರೆಗಳನ್ನು ಬಿಡಬೇಕು. ಇಲ್ಲಿ `-trim` ಒಂದು ಪರೀಕ್ಷೆಯೂ ಹೌದು. ಖಾಲಿ ಅಂಚನ್ನು ಕತ್ತರಿಸುವುದು ಅದರ ಕೆಲಸ. ಹೊರಬಂದ ಚಿತ್ರದ ಸುತ್ತ ಇನ್ನೂ ಅಗಲವಾದ ಖಾಲಿ ಜಾಗ ಉಳಿದಿದ್ದರೆ ಆ ಜಾಗ ನಿಜವಾಗಿ ಖಾಲಿ ಇಲ್ಲ, ಎಲ್ಲೋ ಮಸುಕು ಚುಕ್ಕೆಗಳಿವೆ ಎಂದರ್ಥ. ಅವುಗಳನ್ನು ಕಣ್ಣಾರೆ ನೋಡಬೇಕೆಂದರೆ:

```
magick sahi.png -alpha extract -threshold 0 check.png
```

check.png ನಲ್ಲಿ ಸಹಿಯ ಆಕಾರ ಬಿಟ್ಟು ಬೇರೆಲ್ಲೂ ಬಿಳಿ ಚುಕ್ಕೆ ಇರಬಾರದು. ಎಲ್ಲೆಡೆ ಉಪ್ಪು ಎರಚಿದಂತೆ ಕಂಡರೆ `-level` ನ ಎರಡನೆಯ ಸಂಖ್ಯೆಯನ್ನು 92ರಿಂದ 88ಕ್ಕೆ, ಬೇಕಾದರೆ 85ಕ್ಕೆ ಇಳಿಸಿ.

ಫೋಟೊ ತೆಗೆಯುವ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಗಲಿನಲ್ಲಿ ಕಿಟಕಿಯ ಪಕ್ಕ, ಫ್ಲಾಶ್ ಇಲ್ಲದೆ, ಗೆರೆಯಿಲ್ಲದ ಹಾಳೆಯ ಮೇಲೆ ಜೆಲ್ ಪೆನ್ನಿನಲ್ಲಿ ಮಾಡಿದ ಸಹಿ ಒಳ್ಳೆಯದು. ಬಾಲ್‌ಪೆನ್ ವೇಗವಾಗಿ ಎಳೆದಾಗ ನಡುವೆ ಶಾಯಿ ಬಿಟ್ಟುಬಿಡುತ್ತದೆ. ಹಾಳೆಯ ಹಿಂಬದಿಯಲ್ಲಿ ಅಚ್ಚು ಇರಬಾರದು. ಸ್ಕ್ಯಾನ್ ಮಾಡುವ ಆ್ಯಪ್‌ಗಳ ಕಪ್ಪು-ಬಿಳುಪು ವಿಧಾನವನ್ನು ಬಳಸಬೇಡಿ. ಅದು ಅಂಚಿನ ಇಳಿಜಾರನ್ನು ಮೊದಲೇ ಕೊಂದಿರುತ್ತದೆ, ಆಮೇಲೆ ಯಾವ ತಂತ್ರಾಂಶವೂ ಅದನ್ನು ಮರಳಿ ತರಲಾರದು.

ಚಿತ್ರ ಸರಿ, ಪಿಡಿಎಫ್‌ನಲ್ಲಿ ಮಾತ್ರ ಚೌಕ

ಹಳದಿ ಪರೀಕ್ಷೆಯಲ್ಲಿ ಗೆದ್ದ ಚಿತ್ರ ಪಿಡಿಎಫ್‌ನಲ್ಲಿ ಸೋತರೆ, ಪಿಡಿಎಫ್ ಒಳಗೆ ಏನಾಗಿದೆ ಎಂದು ನೋಡಬೇಕು. ಪಿಡಿಎಫ್ ಆಲ್ಫಾವನ್ನು ಚಿತ್ರದೊಳಗೇ ಇಟ್ಟುಕೊಳ್ಳುವುದಿಲ್ಲ. ಬಣ್ಣದ ಚಿತ್ರ ಒಂದು, ಅದರ ಮುಸುಕು ಇನ್ನೊಂದು, ಹೀಗೆ ಎರಡು ಚಿತ್ರಗಳಾಗಿ ಇಡುತ್ತದೆ. ಪಾಪ್ಲರ್ ಎಂಬ ಉಚಿತ ಉಪಕರಣಗಳ ಗುಂಪಿನಲ್ಲಿ ಇದನ್ನು ತೋರಿಸುವ ಆಜ್ಞೆ ಇದೆ:

```
pdfimages -list rashidi.pdf
```

ಪಟ್ಟಿಯ `type` ಕಾಲಂನಲ್ಲಿ ಸಹಿಯ ಅಳತೆಯ `image` ಸಾಲೂ, ಅದರ ಬೆನ್ನಿಗೆ ಅದೇ ಅಳತೆಯ `smask` ಸಾಲೂ ಇರಬೇಕು. `smask` ಇಲ್ಲದಿದ್ದರೆ ಪಿಡಿಎಫ್ ತಯಾರಿಸಿದ ತಂತ್ರಾಂಶವೇ ಆಲ್ಫಾವನ್ನು ಕಳೆದಿದೆ, ಬೇರೆ ವೀಕ್ಷಕದಲ್ಲಿ ತೆರೆದು ನೋಡಿ ಪ್ರಯೋಜನವಿಲ್ಲ.

ಇದಕ್ಕೆ ಎಲ್ಲರ ಗಮನ ತಪ್ಪುವ ಒಂದು ಕಾರಣವಿದೆ. ಪಿಡಿಎಫ್‌ಗೆ ಪಾರದರ್ಶಕತೆ ಬಂದದ್ದು 1.4ನೇ ಆವೃತ್ತಿಯಲ್ಲಿ, 2001ರಲ್ಲಿ. ದಾಖಲೆಗಳನ್ನು ದೀರ್ಘಕಾಲ ಇಡಲೆಂದು 2005ರಲ್ಲಿ ಬಂದ ಪಿಡಿಎಫ್/ಎ-1 ಎಂಬ ಮಾದರಿ ಪಾರದರ್ಶಕತೆಯನ್ನು ಒಪ್ಪುವುದಿಲ್ಲ. 2011ರ ಪಿಡಿಎಫ್/ಎ-2 ಒಪ್ಪುತ್ತದೆ. ಹಾಗಾಗಿ ಲಿಬ್ರೆಆಫೀಸ್‌ನಿಂದ ಪಿಡಿಎಫ್ ಹೊರತೆಗೆಯುವಾಗ ದಾಖಲೆ ಮಾದರಿಗೆ ಗುರುತು ಹಾಕಿ ಅದರಲ್ಲಿ `PDF/A-1b` ಆರಿಸಿದ್ದರೆ ಚೌಕ ಬರುವುದು ಸಹಜ. ಆ ಗುರುತು ತೆಗೆಯಿರಿ, ಕೇಳಿದವರು ದಾಖಲೆ ಮಾದರಿಯೇ ಬೇಕೆಂದರೆ `PDF/A-2b` ಆರಿಸಿ. ಅದೇ ಕಿಟಕಿಯಲ್ಲಿ ಚಿತ್ರಗಳಿಗೆ `Lossless compression` ಆರಿಸುವುದೂ ಒಳ್ಳೆಯದು, ಇಲ್ಲದಿದ್ದರೆ ಗೆರೆಗಳ ಸುತ್ತ ಜೆಪೆಗ್‌ನ ಕೊಳೆ ಹತ್ತುತ್ತದೆ.

ಸಹಿ ಬಂತು, ಕನ್ನಡ ಅಕ್ಷರ ಕೆಟ್ಟವು

ಕನ್ನಡದ ಪತ್ರಗಳಲ್ಲಿ ಇದು ಚೌಕಕ್ಕಿಂತ ದೊಡ್ಡ ತೊಂದರೆ. ಪಿಡಿಎಫ್ ಅನ್ನು ಲಿಬ್ರೆಆಫೀಸ್ ಡ್ರಾನಲ್ಲಿ ತೆರೆದು, ಸಹಿ ಅಂಟಿಸಿ, ಮತ್ತೆ ಪಿಡಿಎಫ್ ಮಾಡಿದರೆ ಒತ್ತಕ್ಷರಗಳು ಕಳಚಿ ಬೀಳುತ್ತವೆ, ಗುಣಿತದ ಚಿಹ್ನೆಗಳು ಜಾಗ ತಪ್ಪುತ್ತವೆ. ಪಿಡಿಎಫ್‌ನೊಳಗೆ ಇರುವುದು ಜೋಡಿಸಿ ಮುಗಿಸಿದ ಅಕ್ಷರಾಕೃತಿಗಳು. ಡ್ರಾ ಅವುಗಳನ್ನು ಹಿಂದಕ್ಕೆ ಪಠ್ಯವಾಗಿ ಬಿಡಿಸಿ, ತನ್ನಲ್ಲಿರುವ ಫಾಂಟ್‌ನಿಂದ ಮತ್ತೆ ಕಟ್ಟಲು ಹೋಗುತ್ತದೆ. ಇಂಗ್ಲಿಷ್ ಪತ್ರದಲ್ಲಿ ಇದು ಹೇಗೋ ದಾಟಿಕೊಳ್ಳುತ್ತದೆ. "ರಾಷ್ಟ್ರ", "ಸ್ವೀಕೃತಿ" ಇರುವ ಪತ್ರ ದಾಟುವುದಿಲ್ಲ.

ಮೂಲ ಪುಟವನ್ನು ಬಿಡಿಸದೆ ಅದರ ಮೇಲೆ ಒಂದು ಪದರ ಹೊದಿಸುವುದೇ ಸರಿಯಾದ ದಾರಿ. ರಶೀದಿಗೆ ಮಾಡಿದ್ದು ಹೀಗೆ: ಲಿಬ್ರೆಆಫೀಸ್ ರೈಟರ್‌ನಲ್ಲಿ ಒಂದು ಖಾಲಿ ಎ4 ಪುಟ ತೆರೆದು, ಸಹಿಯನ್ನು 5 ಸೆಂಟಿಮೀಟರ್ ಅಗಲಕ್ಕೆ ಇಳಿಸಿ, ಅದನ್ನು ಪುಟಕ್ಕೆ ಲಂಗರು ಹಾಕಿ, ರಶೀದಿಯ ಚುಕ್ಕೆಗೆರೆ ಎಡದಿಂದ ಮತ್ತು ಮೇಲಿನಿಂದ ಎಷ್ಟು ಸೆಂಟಿಮೀಟರ್ ದೂರದಲ್ಲಿದೆ ಎಂದು ಪ್ರಿಂಟ್ ಮೇಲೆ ಸ್ಕೇಲಿಟ್ಟು ಅಳೆದು, ಆ ಸಂಖ್ಯೆಗಳನ್ನೇ ಚಿತ್ರದ ಸ್ಥಾನಕ್ಕೆ ಕೊಟ್ಟು sahi.pdf ಆಗಿ ಹೊರತೆಗೆದದ್ದು. ಬಳಿಕ ಆಜ್ಞೆಯಿಂದ ನಡೆಯುವ ಕ್ಯೂಪಿಡಿಎಫ್ ಎಂಬ ಉಪಕರಣದಿಂದ:

```
qpdf rashidi.pdf --overlay sahi.pdf --to=1 -- rashidi-sahi.pdf
```

ಸಹಿ ಮೂರನೆಯ ಪುಟದಲ್ಲಿ ಬೇಕಿದ್ದರೆ `--to=3`. ಮೂಲ ಪುಟದ ಅಕ್ಷರಗಳು ಇದ್ದ ಹಾಗೇ ಉಳಿಯುತ್ತವೆ. ಒಮ್ಮೆ sahi.pdf ಸಿದ್ಧವಾದರೆ ಪ್ರತಿ ತಿಂಗಳ ರಶೀದಿಗೂ ಅದೇ ಸಾಕು. ಆಜ್ಞೆ ಬರೆಯುವುದು ಬೇಡವೆನ್ನುವವರಿಗೆ ಶೋರ್ನಲ್++ ಎಂಬ ಉಚಿತ ತಂತ್ರಾಂಶವಿದೆ, ಪರದೆಯಲ್ಲಿ ಅದರ ಹೆಸರು `Xournal++`. ಅದೂ ಪಿಡಿಎಫ್ ಅನ್ನು ಹಿನ್ನೆಲೆಯಾಗಿ ಇಟ್ಟುಕೊಂಡು ಮೇಲೆ ಚಿತ್ರ ಕೂರಿಸಲು ಬಿಡುತ್ತದೆ, ವಿಂಡೋಸ್‌ನಲ್ಲೂ ನಡೆಯುತ್ತದೆ.

ಹೊದಿಸಿದ ಸಹಿ ಬೇರೆ ಜಾಗದಲ್ಲಿ, ಬೇರೆ ಅಳತೆಯಲ್ಲಿ ಕೂತರೆ ಎರಡು ಪುಟಗಳ ಅಳತೆ ಹೊಂದಿಲ್ಲ. `pdfinfo rashidi.pdf` ಎಂದು ಕೇಳಿ `Page size` ನೋಡಿ. ಎ4 ಎಂದರೆ 595 x 842. ಕರಾರು ಪತ್ರಗಳು ಹಲವು ಸಲ ಲೀಗಲ್ ಅಳತೆಯವು, 612 x 1008. ಎ4 ಸಹಿಪುಟವನ್ನು ಅದರ ಮೇಲೆ ಹೊದಿಸಿದರೆ ಕ್ಯೂಪಿಡಿಎಫ್ ಅದನ್ನು ಪುಟದ ನಡುವಿಗೆ ಹೊಂದಿಸಿ ಇಡುತ್ತದೆ, ಅಳೆದ ಸಂಖ್ಯೆಗಳೆಲ್ಲ ತಪ್ಪುತ್ತವೆ. ಸಹಿಪುಟವನ್ನೂ ಲೀಗಲ್ ಅಳತೆಯಲ್ಲೇ ಮಾಡಿಕೊಳ್ಳಿ.

ಪರದೆಯಲ್ಲಿದೆ, ಪ್ರಿಂಟ್‌ನಲ್ಲಿಲ್ಲ

ಸಹಿಯನ್ನು ಮೌಸ್‌ನಿಂದ ಹಿಡಿದು ಈಗಲೂ ಎಳೆದಾಡಲು ಆಗುತ್ತಿದೆಯೇ? ಹಾಗಾದರೆ ಅದು ಪುಟದ ಭಾಗವಲ್ಲ, ಪುಟದ ಮೇಲಿಟ್ಟ ಟಿಪ್ಪಣಿ. ಹಲವು ಪಿಡಿಎಫ್ ವೀಕ್ಷಕಗಳು ಮುದ್ರೆಯನ್ನು ಹೀಗೆ ಟಿಪ್ಪಣಿಯಾಗಿ ಇಡುತ್ತವೆ. ಕೆಲವು ಮೊಬೈಲ್ ಆ್ಯಪ್‌ಗಳು ಟಿಪ್ಪಣಿಯನ್ನು ತೋರಿಸುವುದಿಲ್ಲ, ಪ್ರಿಂಟ್ ಕಿಟಕಿಯಲ್ಲಿ ದಾಖಲೆ ಮಾತ್ರ ಎಂದು ಆರಿಸಿದ್ದರೆ ಕಾಗದಕ್ಕೂ ಇಳಿಯುವುದಿಲ್ಲ. ಅದನ್ನು ಪುಟದೊಳಗೆ ಬೆಸೆಯಬೇಕು:

```
qpdf patra.pdf --flatten-annotations=all patra-besuge.pdf
```

ಮುಟ್ಟಬಾರದ ಪಿಡಿಎಫ್‌ಗಳು

ಪತ್ರದಲ್ಲಿ ಆಗಲೇ ಡಿಜಿಟಲ್ ಸಹಿ ಇದ್ದರೆ, ಅಂದರೆ ತೆರೆದಾಗ ಮೇಲೆ ಸಹಿಯ ಸಿಂಧುತ್ವದ ಪಟ್ಟಿ ಕಾಣಿಸಿದರೆ, ಅದರ ಮೇಲೆ ಚಿತ್ರದ ಸಹಿ ಹೊದಿಸಬೇಡಿ. ಕ್ಯೂಪಿಡಿಎಫ್ ಕಡತವನ್ನು ಹೊಸದಾಗಿ ಬರೆಯುತ್ತದೆ; ಆ ಕ್ಷಣಕ್ಕೆ ಹಳೆಯ ಡಿಜಿಟಲ್ ಸಹಿ ಅಸಿಂಧುವಾಗುತ್ತದೆ, ಮರಳಿ ಸರಿಪಡಿಸಲು ದಾರಿಯಿಲ್ಲ. ಮೂಲ ಪ್ರತಿಯನ್ನು ಹಾಗೇ ಇಟ್ಟು, ನಿಮ್ಮ ಸಹಿಯ ಪತ್ರವನ್ನು ಬೇರೆ ಕಡತವಾಗಿ ಕಳಿಸಿ. ಚಿತ್ರದ ಸಹಿಯನ್ನು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಹೇಳುವ ಡಿಜಿಟಲ್ ಸಹಿ ಎಂದು ಭಾವಿಸಬಾರದು. ಅದು ಸಹಿಯ ರೂಪ ಮಾತ್ರ.

ಸಂಘದ ರಶೀದಿಯ ವಿಷಯದಲ್ಲಿ ಕಾರ್ಯದರ್ಶಿಗಳಿಗೆ ಇನ್ನೂ ಒಂದು ಮಾತು ಹೇಳಬೇಕಾಯಿತು. ಮುಸುಕು ಸಮೇತ ಚೆನ್ನಾಗಿ ಕೂತ ಸಹಿಯನ್ನು ಅದೇ `pdfimages` ಬಳಸಿ ಯಾರು ಬೇಕಾದರೂ ಪಿಡಿಎಫ್‌ನಿಂದ ಹೊರತೆಗೆಯಬಹುದು. ಬ್ಯಾಂಕಿನ ಚೆಕ್ಕಿಗೆ ಹಾಕುವ ಸಹಿಯನ್ನೇ ನೂರಾರು ಮನೆಗಳಿಗೆ ಹೋಗುವ ರಶೀದಿಗೆ ಹಾಕುವುದು ಬೇಡವೆಂದು ಅವರು ರಶೀದಿಗೆಂದೇ ಹೆಸರಿನ ಮೊದಲಕ್ಷರಗಳ ಚಿಕ್ಕ ಸಹಿಯೊಂದನ್ನು ಬೇರೆ ಹಾಳೆಯಲ್ಲಿ ಬರೆದುಕೊಟ್ಟರು. ಈಗ sahi.pdf ನಲ್ಲಿರುವುದು ಅದೇ, ಚುಕ್ಕೆಗೆರೆ ಅದರ ಕೆಳಗೆ ಪೂರ್ತಿ ಕಾಣುತ್ತದೆ.